‘ನಿಮ್ಮ ಬಗ್ಗೆ ಹೇಳಿ’ ಅಂದಾಗ ನಾನು ಹೇಳಿದ್ದು

ಯುಪಿಎಸ್‌ಸಿ ನಾಗರಿಕ ಸೇವೆಯ ಸಂದರ್ಶನಕ್ಕೆ ಮೊದಲ ಸಲ ದೆಹಲಿಯ ಧೋಲ್ಪುರ್ ಹೌಸ್‌ಗೆ ಹೋದಾಗ ಒಂದೂವರೆ ನಿಮಿಷದ ಪರಿಚಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಹೆಸರು, ಊರು ಸಾಗರ ತಾಲ್ಲೂಕು, ಓದಿದ್ದು ಬಿ.ಎಸ್ಸಿ., ಹವ್ಯಾಸ ಓದು ಮತ್ತು ಚಾರಣ, ಜನಸೇವೆಯ ಆಸೆ. ಮೂರನೇ ವಾಕ್ಯಕ್ಕೇ ಮಂಡಳಿಯ ಅಧ್ಯಕ್ಷರು ಮೆಲ್ಲಗೆ ತಡೆದರು. "ಇದೆಲ್ಲ ನಮ್ಮ ಮುಂದೆ ಇದೆ. ಇದರಲ್ಲಿ ಇಲ್ಲದ್ದನ್ನು ಹೇಳಿ." ಅದರಲ್ಲಿ ಇಲ್ಲದ್ದೇನೂ ನನ್ನ ಹತ್ತಿರ ಸಿದ್ಧವಿರಲಿಲ್ಲ.

ನಾವು ತುಂಬಿ ಕೊಟ್ಟ ವಿವರವಾದ ಅರ್ಜಿಯ, ಅಂದರೆ ಡಿಎಎಫ್‌ನ, ವಿವರ ಅವರ ಕೈಯಲ್ಲಿ ಇರುತ್ತದೆ. ಅದನ್ನೇ ಮತ್ತೆ ಓದಿ ಹೇಳಿದರೆ ಪ್ರಶ್ನೆ ಕೇಳಲು ಅವರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಸ್ವಪರಿಚಯದ ತಯಾರಿ ಶುರುವಾಗಬೇಕಾದದ್ದು ಆ ಅರ್ಜಿಯಿಂದಲೇ. ಹವ್ಯಾಸದ ಕಾಲಂನಲ್ಲಿ ಬರೆದದ್ದನ್ನು ಆಮೇಲೆ ಮನಸ್ಸಿಗೆ ಬಂದಂತೆ ಬದಲಿಸಲಾಗುವುದಿಲ್ಲ.

ಮರುವರ್ಷ ನಾನು ಅಲ್ಲಿ ‘ಮಳೆ ಅಳೆದು ಬರೆದಿಡುವುದು’ ಎಂದು ಬರೆದೆ. ಅದು ನಿಜಕ್ಕೂ ನಾನು ಮಾಡುತ್ತಿದ್ದ ಕೆಲಸ. ಅಪ್ಪ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮಳೆ ಬಿಡುವುದನ್ನೇ ಕಾಯುತ್ತಿದ್ದರು. ಅವರಿಗಾಗಿ ಅಂಗಳದಲ್ಲಿ ಡಬ್ಬ ಇಟ್ಟವಳು ಆಮೇಲೆ ನಿಲ್ಲಿಸಲೇ ಇಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಹಿಡಿದು ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು, ಅಷ್ಟೆ.

ಹೇಳುವುದನ್ನು ಈ ಸಲ ಬರೆಯಲಿಲ್ಲ. ಅಡಿಕೆ ಸುಲಿಯುವ ಕಾಲ ಅದು. ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತ ದೊಡ್ಡಮ್ಮನಿಗೆ ದಿನಾ ಹೊಸದಾಗಿ ಹೇಳುತ್ತಿದ್ದೆ. ಮೂರು ವಸ್ತು ಮಾತ್ರ ನೆನಪಿಟ್ಟುಕೊಂಡೆ: ಮಳೆಯ ಡಬ್ಬ, ಹಿನ್ನೀರು, ಅಜ್ಜನ ಕಾಗದದ ಕಟ್ಟು. ವಾಕ್ಯ ಅವತ್ತಿಗೆ ಬಂದದ್ದು. ಎರಡು ದಿನ ಒಂದೇ ವಾಕ್ಯ ಬಾಯಿಗೆ ಬಂದರೆ ಮೂರನೇ ದಿನ ಬೇರೆ ವಸ್ತುವಿನಿಂದ ಶುರು ಮಾಡುತ್ತಿದ್ದೆ. ದೊಡ್ಡಮ್ಮ ನಡುವೆ ಬಾಯಿ ಹಾಕುತ್ತಿದ್ದರು. "ಅದು ಯಾಕೆ ಎಂಟೂವರೆಗೇ ಮಾರಾಯ್ತಿ? ಎದ್ದ ಕೂಡಲೇ ನೋಡಿದ್ರೆ ಆಗಲ್ವಾ?" ಅಂಥ ಪ್ರಶ್ನೆ ನನಗೆ ಯಾವ ಅಣಕು ಸಂದರ್ಶನದಲ್ಲೂ ಸಿಗಲಿಲ್ಲ.

ಸಂದರ್ಶನದಲ್ಲಿ ನಾನು ಕನ್ನಡದಲ್ಲೇ ಉತ್ತರಿಸಿದ್ದು. ಪಕ್ಕದಲ್ಲಿ ದುಭಾಷಿ ಇರುತ್ತಾರೆ. ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ ಅವರಿಗೆ ಜಾಗ ಕೊಡಬೇಕು. ಬಾಯಿಪಾಠ ಮಾಡಿದವರು ಆ ಬಿಡುವಿನಲ್ಲೇ ತಪ್ಪಿಹೋಗುತ್ತಾರೆ, ಯಾಕಂದ್ರೆ ಸರಪಳಿ ಅಲ್ಲಿ ಕಡಿಯುತ್ತದೆ. ವಸ್ತು ನೆನಪಿಟ್ಟವರಿಗೆ ಆ ಬಿಡುವು ಉಸಿರಾಡಲು ಸಿಗುತ್ತದೆ.

ಆ ದಿನ ನಾನು ಹೇಳಿದ್ದು ಹೆಚ್ಚುಕಡಿಮೆ ಇಷ್ಟು. "ನಮ್ಮ ಮನೆಯಲ್ಲಿ ಮಳೆಗಾಲ ಅಂದರೆ ನನ್ನ ನೋಟ್‌ಬುಕ್ ತುಂಬುವ ಕಾಲ. ಅಜ್ಜನ ಊರು ಈಗ ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮಡೆನೂರು ಅಣೆಕಟ್ಟೆ ಕಾಣುತ್ತದೆ, ಅಜ್ಜ ಅದನ್ನು ತೋರಿಸಿ ಊರಿನ ದಾರಿ ಹೇಳುತ್ತಿದ್ದರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗೆ ಊರು ಬಿಟ್ಟವರಲ್ಲಿ ಎಷ್ಟೋ ಮನೆಗಳಿಗೆ ಭೂಮಿಯ ಹಕ್ಕು ಇನ್ನೂ ಗಟ್ಟಿಯಾಗಿಲ್ಲ. ಅಜ್ಜನ ಕಾಗದದ ಕಟ್ಟು ಹಿಡಿದು ಕಚೇರಿಯೊಂದಕ್ಕೆ ಅಪ್ಪನ ಜೊತೆ ಹೋಗಿ ಹೋಗಿ, ಮೇಜಿನ ಆ ಕಡೆ ಕೂತವರ ಕೆಲಸ ಏನು ಅಂತ ನನಗೆ ಕುತೂಹಲ ಹುಟ್ಟಿತು." ಒಂದು ನಿಮಿಷವೂ ಆಗಲಿಲ್ಲ. ಜನಸೇವೆ ಎಂಬ ಮಾತು ಬರಲೇ ಇಲ್ಲ.

ಆಮೇಲೆ ಪ್ರಶ್ನೆಗಳು. ಒಬ್ಬರು ಕೇಳಿದರು: ಮಳೆಗೆ ಬಕೆಟ್ ಇಟ್ಟರೆ ಸಾಲದೇ? ಬಕೆಟ್ ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ ನೀರಿನ ಎತ್ತರ ಜಾಸ್ತಿ ತೋರಿಸುತ್ತದೆ, ಗೋಡೆ ನೇರ ಇರುವ ಡಬ್ಬ ಬೇಕು ಎಂದೆ. ಎಂಟೂವರೆ ಯಾಕೆ? ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಆ ಹೊತ್ತಿಗೆ ಮುಗಿಯುತ್ತದೆ, ಹೋಲಿಸಲು ಸುಲಭ ಎಂದೆ. ಹೋಲಿಸಿದಾಗ ಸರಿ ಬಂತಾ? "ಮೊದಲ ವರ್ಷ ಇಲ್ಲ. ಡಬ್ಬ ಹಲಸಿನ ಮರಕ್ಕೆ ಹತ್ತಿರ ಇತ್ತು, ಕಡಿಮೆ ಬರುತ್ತಿತ್ತು. ಅಂಗಳದ ನಡುವಿಗೆ ತಂದೆ." ಈ ಉತ್ತರಕ್ಕೆ ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

ಗಟ್ಟಿ ಪ್ರಶ್ನೆ ಕೊನೆಯಲ್ಲಿ ಬಂತು. "ಹಾಗಾದರೆ ನಿಮ್ಮ ಮನೆಯ ಭೂಮಿ ಸರಿಮಾಡಲು ಈ ಕೆಲಸಕ್ಕೆ ಬರುತ್ತೀರಾ?" ಸ್ವಂತ ಕಥೆ ಹೇಳಿದವರಿಗೆ ಇದು ಬಂದೇ ಬರುತ್ತದೆ. ನಾನು ಇದನ್ನು ಮೊದಲೇ ಯೋಚಿಸಿದ್ದೆ, ಆದರೆ ಮಾತು ಜೋಡಿಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದೆ. "ಇಲ್ಲ ಸರ್. ನಮ್ಮ ಮನೆಯ ಕಡತ ನನ್ನ ಮೇಜಿಗೆ ಬಂದರೆ ಅದನ್ನು ನಾನು ನೋಡಬಾರದು. ಮೇಲಿನವರಿಗೆ ಬರೆದು ತಿಳಿಸಿ, ಬೇರೆ ಅಧಿಕಾರಿಗೆ ಒಪ್ಪಿಸಬೇಕು. ಆದರೆ ಅಂಥ ಕಟ್ಟು ಹಿಡಿದು ಬಂದವರನ್ನು ಕೂರಿಸಿ, ಯಾವ ಕಾಗದ ಕಡಿಮೆ ಇದೆ ಅಂತ ಒಂದೇ ಸಲಕ್ಕೆ ಬರೆದು ಕೊಡಬಹುದು." ದುಭಾಷಿ ಅದನ್ನು ಹೇಳಿ ಮುಗಿಸಿದರು. ಅಧ್ಯಕ್ಷರು ಮತ್ತೆ ಮಳೆಗೆ ಮರಳಿ, ಈ ವರ್ಷ ಎಷ್ಟಾಯಿತು ಎಂದು ಕೇಳಿದರು.