ಕರೆಂಟ್ ಹೋದಾಗ ಫ್ರಿಜ್ಜಿನ ಲೆಕ್ಕ: ಹ್ಯೂಸ್ಟನ್‌ಗೆ ಹೊಸದಾಗಿ ಬಂದವರಿಗೆ

ಊರಿನ ಲೋಡ್ ಶೆಡ್ಡಿಂಗ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹ್ಯೂಸ್ಟನ್‌ನಲ್ಲಿ ದೊಡ್ಡ ಬಿರುಗಾಳಿ ಬಂದರೆ ಕರೆಂಟ್ ದಿನಗಟ್ಟಲೆ ಬರದೇ ಇರಬಹುದು. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದಾಗ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಇರಲಿಲ್ಲ. ಕೆಲವರಿಗೆ ವಾರ ಕಳೆದರೂ ಬರಲಿಲ್ಲ. ಅದೂ ಜುಲೈ ಸೆಕೆಯಲ್ಲಿ.

ನೆನಪಿಡಬೇಕಾದ್ದು ಮೂರೇ ಅಂಕಿ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಣ್ಣಗಿರುತ್ತದೆ. ಫ್ರೀಜರ್ ಅರ್ಧ ತುಂಬಿದ್ದರೆ 24 ಗಂಟೆ, ಪೂರ್ತಿ ತುಂಬಿದ್ದರೆ 48 ಗಂಟೆ. ಹೆಪ್ಪುಗಟ್ಟಿದ ಪದಾರ್ಥವೇ ಅಕ್ಕಪಕ್ಕದ್ದನ್ನು ತಣ್ಣಗಿಡುವುದರಿಂದ ಈ ವ್ಯತ್ಯಾಸ. ಹಾಗಾಗಿ ಬಿರುಗಾಳಿಯ ಮುನ್ಸೂಚನೆ ಬಂದ ಕೂಡಲೇ ಖಾಲಿ ಹಾಲಿನ ಕ್ಯಾನು, ಬಾಟಲಿಗಳಿಗೆ ಮುಕ್ಕಾಲು ಭಾಗ ನೀರು ತುಂಬಿ ಫ್ರೀಜರಿನ ಸಂದಿಗೊಂದಿಗಳಲ್ಲಿ ಸೇರಿಸಿ. ಕಂಠಪೂರ್ತಿ ತುಂಬಿದರೆ ನೀರು ಹೆಪ್ಪುಗಟ್ಟುವಾಗ ಹಿಗ್ಗಿ ಬಾಟಲಿ ಒಡೆಯುತ್ತದೆ. ಜೊತೆಗೆ ಫ್ರಿಜ್ಜಿಗೊಂದು, ಫ್ರೀಜರಿಗೊಂದು ಥರ್ಮಾಮೀಟರ್ ಇಡಿ. ಇಲ್ಲಿ ಎಲ್ಲವೂ ಫ್ಯಾರನ್‌ಹೀಟ್: ಫ್ರಿಜ್ಜು 40 ಡಿಗ್ರಿ (4 ಸೆಲ್ಸಿಯಸ್) ದಾಟಬಾರದು, ಫ್ರೀಜರ್ ಸೊನ್ನೆಯಲ್ಲಿರಬೇಕು.

ಬೆಳಗ್ಗೆ 6ಕ್ಕೆ ಕರೆಂಟ್ ಹೋಯಿತು ಅಂದುಕೊಳ್ಳಿ. ಸಮಯವನ್ನು ಚೀಟಿಯಲ್ಲಿ ಬರೆದು ಬಾಗಿಲಿಗೇ ಅಂಟಿಸಿ. ಮಕ್ಕಳು ಜ್ಯೂಸಿಗೆಂದು ತೆಗೆಯುವುದೂ ನಿಲ್ಲುತ್ತದೆ. 10 ಗಂಟೆಯೊಳಗೆ ಒಂದೇ ಸಲ ಬಾಗಿಲು ತೆಗೆದು ಹಾಲು, ಮೊಸರು, ಪನೀರ್, ಮೊಟ್ಟೆ, ನಿನ್ನೆಯ ಹುಳಿ ಎಲ್ಲವನ್ನೂ ಐಸ್ ತುಂಬಿದ ಕೂಲರಿಗೆ ಸಾಗಿಸಿ. ಇಡ್ಲಿ ಹಿಟ್ಟಿಗೆ ಕೂಲರಿನಲ್ಲಿ ಜಾಗ ಮಾಡಬೇಡಿ. ಗ್ಯಾಸ್ ಒಲೆ ಇದ್ದರೆ ಅಂದೇ ಬೇಯಿಸಿ ತಿಂದು ಮುಗಿಸಿ. ವಿದ್ಯುತ್ ಒಲೆಯೇ ಇರುವವರು ಕ್ಯಾಂಪಿಂಗ್ ಸ್ಟವ್ ಅಥವಾ ಇದ್ದಿಲನ್ನು ಮನೆಯೊಳಗೆ ಹೊತ್ತಿಸಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. 2021ರ ಫೆಬ್ರವರಿಯ ಚಳಿಗಾಳಿಯಲ್ಲಿ ಟೆಕ್ಸಾಸಿನಲ್ಲಿ ಇದರಿಂದ ಜನ ಸತ್ತಿದ್ದಾರೆ.

ಇನ್ನು ಫ್ರೀಜರ್. ಅರ್ಧ ತುಂಬಿದ್ದರೆ ಮರುದಿನ ಬೆಳಗ್ಗೆ 6ರವರೆಗೆ, ತುಂಬಿದ್ದರೆ ಮೂರನೆಯ ದಿನ ಬೆಳಗ್ಗೆ 6ರವರೆಗೆ ಮುಟ್ಟಬೇಡಿ. ಅದಕ್ಕೂ ಹೆಚ್ಚು ಹೊತ್ತು ಕರೆಂಟ್ ಬರುವುದಿಲ್ಲ ಎಂದು ಗೊತ್ತಾದರೆ ಡ್ರೈ ಐಸ್ ತನ್ನಿ: 50 ಪೌಂಡ್ ತಂದರೆ 18 ಘನ ಅಡಿಯ ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ; ಅದರಿಂದ ಏಳುವ ಅನಿಲ ಉಸಿರುಗಟ್ಟಿಸುತ್ತದೆ, ಆದ್ದರಿಂದ ಕಾರಿನ, ಮನೆಯ ಕಿಟಕಿ ತೆರೆದಿರಲಿ.

ಕರೆಂಟ್ ಬಂದ ಮೇಲೆ ಒಂದೊಂದು ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ನೋಡಿ. ತೆಂಗಿನ ತುರಿ, ಅವರೆಕಾಳು, ಪರೋಟಗಳಲ್ಲಿ ಇನ್ನೂ ಐಸ್ ಹರಳು ಕಂಡರೆ, ಅಥವಾ 40 ಡಿಗ್ರಿ ದಾಟಿಲ್ಲದಿದ್ದರೆ, ಮತ್ತೆ ಫ್ರೀಜ್ ಮಾಡಬಹುದು. ತುರಿ ಸ್ವಲ್ಪ ಸಪ್ಪೆಯಾದೀತು, ಅಷ್ಟೇ. ಪೊಟ್ಟಣ ಮೆತ್ತಗಾಗಿ ಮಾಂಸದ ನೀರು ಅದರ ಮೇಲೆ ಸೋರಿದ್ದರೆ ಎಸೆಯಿರಿ. ಮಾಂಸವನ್ನು ಮೊದಲೇ ಕೆಳಗಿನ ಖಾನೆಯಲ್ಲಿ ತಟ್ಟೆಯ ಮೇಲಿಟ್ಟರೆ ಈ ಪಾಡಿಲ್ಲ. ಊರಿಗೆ ಹೋಗುವವರು ಒಂದು ಲೋಟ ನೀರನ್ನು ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ವಾಪಸು ಬಂದಾಗ ನಾಣ್ಯ ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ.

ನಮ್ಮವರು ಎಡವುವುದು ಫ್ರಿಜ್ಜಿನ ಅನ್ನ, ಸಾರುಗಳ ವಿಷಯದಲ್ಲಿ. "ಚೆನ್ನಾಗಿ ಕುದಿಸಿದರೆ ಆಯ್ತಲ್ಲ" ಅನ್ನುವುದು ವಾಡಿಕೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ವಾಸನೆಯಲ್ಲಿ, ರುಚಿಯಲ್ಲಿ ಗೊತ್ತೂ ಆಗುವುದಿಲ್ಲ. ಆದ್ದರಿಂದ ರುಚಿ ನೋಡಿ ತೀರ್ಮಾನಿಸಬೇಡಿ. 40 ಡಿಗ್ರಿಗಿಂತ ಮೇಲೆ ಎರಡು ಗಂಟೆ ಕಳೆದ ಅನ್ನ, ಬೇಳೆ, ಪಲ್ಯ, ಹಾಲು, ಮೊಸರು, ಪನೀರ್ ಎಲ್ಲ ಕಸಕ್ಕೆ. ಊರಿನಲ್ಲಿ ಮೊಟ್ಟೆ ಹೊರಗೇ ಇರುತ್ತಿತ್ತಲ್ಲ ಅನ್ನಬೇಡಿ. ಇಲ್ಲಿ ಮೊಟ್ಟೆಯನ್ನು ತೊಳೆದು ಮಾರುವುದರಿಂದ ಸಿಪ್ಪೆಯ ಸಹಜ ಲೇಪ ಹೋಗಿರುತ್ತದೆ, ಅದೂ ಕಸಕ್ಕೇ. ಬೆಣ್ಣೆ, ತುಪ್ಪ, ಉಪ್ಪಿನಕಾಯಿ, ಗಟ್ಟಿ ಚೀಸ್, ಹೆಚ್ಚದ ತರಕಾರಿ, ಇಡೀ ಹಣ್ಣು ಉಳಿಸಿಕೊಳ್ಳಿ.

ಎಸೆಯುವ ಮುಂಚೆ ಎಲ್ಲವನ್ನೂ ಮೇಜಿನ ಮೇಲಿಟ್ಟು ಫೋಟೊ ತೆಗೆಯಿರಿ. ಕೆಲವು ಮನೆ ವಿಮೆಗಳು, ಬಾಡಿಗೆದಾರರ ವಿಮೆಗಳು ಕೆಟ್ಟ ಆಹಾರಕ್ಕೂ ದುಡ್ಡು ಕೊಡುತ್ತವೆ. ಮೊದಲು ಪಾಲಿಸಿ ಓದಿ, ಕ್ಲೇಮಿಗಿಂತ ಡಿಡಕ್ಟಿಬಲ್ಲೇ, ಅಂದರೆ ನೀವೇ ಕೈಯಿಂದ ಭರಿಸಬೇಕಾದ ಮೊತ್ತವೇ, ಜಾಸ್ತಿಯಿದ್ದರೆ ಆ ತಾಪತ್ರಯ ಬೇಡ.