ಯೂರೋ–ಡಾಲರ್ ಚಾರ್ಟಿನಲ್ಲಿ ಸಪೋರ್ಟ್ ಗುರುತಿಸಿದ ಬಗೆ: ನನ್ನ ಅನುಭವ

ಕ್ಯಾಂಡಲ್ ಚಾರ್ಟ್ ಓದುವುದನ್ನು ನಾನು ಅಭ್ಯಾಸ ಮಾಡಿದ್ದು ಯೂರೋ–ಡಾಲರ್ ಜೋಡಿಯ 2015 ಮತ್ತು 2016ರ ಹಳೆಯ ಚಾರ್ಟನ್ನು ಮುಂದಿಟ್ಟುಕೊಂಡು. ಸಪೋರ್ಟ್ ಎಂದರೆ ಇಳಿಯುತ್ತಿರುವ ಬೆಲೆ ತಡೆದು ಮತ್ತೆ ಮೇಲೇಳುವ ಜಾಗ. ಇದರಲ್ಲಿ ಬೆಲೆ 1.05 ಎಂದಿದ್ದರೆ ಒಂದು ಯೂರೋಗೆ 1.05 ಡಾಲರ್ ಎಂದರ್ಥ. ಬೆಲೆ ಏರಿದಾಗ ಯೂರೋ ಬಲಗೊಂಡಿತೋ ಡಾಲರ್ ಸೊರಗಿತೋ ಎಂಬುದನ್ನು ಈ ಒಂದೇ ಚಾರ್ಟ್ ಹೇಳಲಾರದು.

ಮೊದಲು, ಒಂದೊಂದು ಕ್ಯಾಂಡಲ್ ಒಂದೊಂದು ವಾರವನ್ನು ತೋರಿಸುವ ವಾರದ ಚಾರ್ಟ್ ತೆರೆದೆ. ಕ್ಯಾಂಡಲ್‌ನ ದಪ್ಪ ಭಾಗವಾದ ಬಾಡಿಯು ವಾರದ ಆರಂಭದ ಮತ್ತು ಮುಕ್ತಾಯದ ಬೆಲೆಗಳ ನಡುವಿನ ಅಂತರವನ್ನು ತೋರಿಸುತ್ತದೆ. ಅದರಿಂದ ಹೊರಚಾಚಿದ ತೆಳು ಗೆರೆಯಾದ ವಿಕ್, ಬೆಲೆ ಎಲ್ಲಿಯವರೆಗೆ ಹೋಗಿ ಹಿಂದಿರುಗಿತು ಎಂಬುದನ್ನು ತೋರಿಸುತ್ತದೆ. 2015ರ ಆಗಸ್ಟ್ 24ರಂದು ಆರಂಭವಾದ ವಾರದ ಕ್ಯಾಂಡಲ್ ಇದಕ್ಕೆ ಒಳ್ಳೆಯ ಉದಾಹರಣೆ: ಬೆಲೆ 1.17ನ್ನು ದಾಟಿತ್ತು, ಆದರೆ ವಾರ ಮುಗಿದದ್ದು 1.12ರ ಸಮೀಪದಲ್ಲಿ. ಮೇಲಿನ ಆ ಉದ್ದ ವಿಕ್ ಅಲ್ಲಿ ಮಾರುವವರ ಕೈ ಮೇಲಾಯಿತೆಂದು ಹೇಳುವುದರಿಂದ, ಆ ಪ್ರದೇಶವನ್ನು ರೆಸಿಸ್ಟೆನ್ಸ್, ಅಂದರೆ ಏರಿಕೆಗೆ ತಡೆಯಾಗುವ ಜಾಗ, ಎಂದು ಗುರುತು ಹಾಕಿಕೊಂಡೆ.

ಕೆಳಭಾಗದ ಕೆಲಸ ಇನ್ನಷ್ಟು ಸ್ವಾರಸ್ಯಕರವಾಗಿತ್ತು. 2015ರ ಮಾರ್ಚ್‌ನಲ್ಲಿ ಬೆಲೆ ಸುಮಾರು 1.046ಕ್ಕೆ ಇಳಿದು ಮೇಲೆದ್ದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ 1.052ರ ಬಳಿ ಮತ್ತೆ ತಿರುಗಿತು. ಇವೆರಡನ್ನೂ ಒಂದೇ ಗೆರೆಯ ಮೇಲೆ ಕೂರಿಸಲು ಒದ್ದಾಡುವ ಬದಲು, ಎರಡರ ನಡುವಿನ ಸುಮಾರು 60 ಪಿಪ್ ಅಗಲದ ಜಾಗವನ್ನೇ ಸಪೋರ್ಟ್ ಪಟ್ಟಿಯಾಗಿ ಬಣ್ಣ ಹಚ್ಚಿದೆ. ಈ ಜೋಡಿಯಲ್ಲಿ ಒಂದು ಪಿಪ್ ಎಂದರೆ 0.0001. ಕರೆನ್ಸಿಯ ಸ್ಪಾಟ್ ವಹಿವಾಟಿಗೆ ಒಂದೇ ಕೇಂದ್ರ ವಿನಿಮಯ ಕೇಂದ್ರವಿಲ್ಲದ ಕಾರಣ, ಒಬ್ಬ ಬ್ರೋಕರ್ ತೋರಿಸುವ ವಿಕ್‌ನ ತುದಿ ಇನ್ನೊಬ್ಬರಲ್ಲಿ ಕೆಲವು ಪಿಪ್ ಆಚೀಚೆ ಇರುತ್ತದೆ. ಕೂದಲೆಳೆಯ ಗೆರೆಗೆ ಅರ್ಥವಿಲ್ಲದಿರಲು ಇದೂ ಒಂದು ಕಾರಣ.

ಪಟ್ಟಿ ಮುರಿಯಿತೇ ಎಂದು ನಿರ್ಧರಿಸಲು ದಿನದ ಚಾರ್ಟಿಗೆ ಇಳಿದು, ವಿಕ್ ತುದಿಯನ್ನಲ್ಲ, ಮುಕ್ತಾಯದ ಬೆಲೆಯನ್ನು ನೋಡುತ್ತೇನೆ. ದಿನದ ಕ್ಯಾಂಡಲ್ ಸಾಮಾನ್ಯವಾಗಿ ನ್ಯೂಯಾರ್ಕ್‌ನ ಸಂಜೆ 5 ಗಂಟೆಗೆ ಮುಗಿಯುತ್ತದೆ. ಬೇರೆ ವೇಳೆಗೆ ಮುಗಿಸುವ ಚಾರ್ಟಿನಲ್ಲಿ ಅದೇ ದಿನದ ಬಾಡಿ ಬೇರೆಯಾಗಿಯೇ ಕಾಣಬಹುದು, ಆದ್ದರಿಂದ ಇದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

2016ರ ಡಿಸೆಂಬರ್ 14ರಂದು ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರ ಏರಿಸಿತು. ಮರುದಿನದ ಕ್ಯಾಂಡಲ್ 1.046ಕ್ಕಿಂತ ಕೆಳಗೆ ಮುಗಿದದ್ದರಿಂದ, ನನ್ನ ನಿಯಮದ ಪ್ರಕಾರ ಸಪೋರ್ಟ್ ಮುರಿದಿತ್ತು. ಆದರೂ ದೊಡ್ಡ ಕುಸಿತವೇನೂ ಬರಲಿಲ್ಲ: 2017ರ ಜನವರಿ ಆರಂಭದಲ್ಲಿ ಸುಮಾರು 1.034ನ್ನು ಮುಟ್ಟಿದ ಬೆಲೆ ತಿರುಗಿ, ಅದೇ ತಿಂಗಳಲ್ಲಿ ಪಟ್ಟಿಗಿಂತ ಮೇಲೆ ಹಲವು ದಿನ ಮುಕ್ತಾಯ ಕಂಡು, ತಿಂಗಳ ಕೊನೆಗೆ 1.08ರ ಆಸುಪಾಸಿಗೆ ಬಂದಿತ್ತು. ಕೆಳಗೆ ಮುಗಿದ ಒಂದು ಕ್ಯಾಂಡಲ್ ಮುರಿತವನ್ನು ತಿಳಿಸುತ್ತದೆಯೇ ಹೊರತು ಇಳಿತ ಎಷ್ಟು ದೂರ ಸಾಗೀತು ಎಂಬುದನ್ನಲ್ಲ. ಹೀಗಾಗಿ ಬೆಲೆ ಮತ್ತೆ 1.052ರ ಮೇಲೆ ಮುಗಿದರೆ ಮುರಿತದ ಓದನ್ನು ಕೈಬಿಡುವುದೆಂದು ಪಟ್ಟಿ ಎಳೆಯುವಾಗಲೇ ಬರೆದಿಟ್ಟುಕೊಳ್ಳುತ್ತೇನೆ.