ಒಂದೇ ತಿಂಗಳಲ್ಲಿ ನಾಲ್ಕು ದರ: ಉಳಿದ ಬೇಳೆಗೆ ಯಾವ ಬೆಲೆ ಕಟ್ಟಬೇಕು?

ತಿಂಗಳ ಕೊನೆಯ ದಿನ ಗೋಡೌನಿನಲ್ಲಿ 840 ಕೆಜಿ ತೊಗರಿ ಬೇಳೆ ಉಳಿದಿದೆ ಎಂದುಕೊಳ್ಳಿ. ತಿಂಗಳಲ್ಲಿ ನಾಲ್ಕು ಸಲ ಖರೀದಿ ಆಗಿದೆ, ನಾಲ್ಕೂ ಸಲ ದರ ಬೇರೆ. ಉಳಿದ ಚೀಲಗಳಲ್ಲಿ ಯಾವುದು ಯಾವ ಲೋಡಿನದು ಎಂದು ಹೇಳೋಕೆ ಆಗಲ್ಲ. ಒಂದರ ಮೇಲೊಂದು ಜೋಡಿಸಿ, ಕೈಗೆ ಸಿಕ್ಕಿದ್ದನ್ನು ಮಾರಿರುತ್ತೀರಿ. ಇಂಥ ಕಡೆ ತೂಕದ ಸರಾಸರಿ ವಿಧಾನ ಚೆನ್ನಾಗಿ ಹೊಂದುತ್ತದೆ. ಒಟ್ಟು ಕೊಟ್ಟ ದುಡ್ಡನ್ನು ಒಟ್ಟು ತೂಕದಿಂದ ಭಾಗಿಸಿ, ಬಂದ ದರವನ್ನು ಉಳಿದ ಮಾಲಿಗೆ ಹಾಕುವುದು, ಅಷ್ಟೇ. ಕಷ್ಟ ಇರುವುದು ಭಾಗಾಕಾರದಲ್ಲಿ ಅಲ್ಲ, ಆ ಎರಡು ಮೊತ್ತಗಳಲ್ಲಿ ಏನು ಸೇರಬೇಕು, ಏನು ಸೇರಬಾರದು ಎನ್ನುವುದರಲ್ಲಿ.

ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯ ಲೆಕ್ಕವನ್ನೇ ಹಿಡಿದು ನೋಡೋಣ. ದರಗಳು ಉದಾಹರಣೆಗೆ ಮಾತ್ರ.

ಮೊದಲು ಬಿಲ್ ಬಿಡಿಸಿ, ಕೆಜಿಗೆ ತನ್ನಿ

ಬಿಲ್ಲಿನಲ್ಲಿ ಕ್ವಿಂಟಲ್ ದರ ಇರುತ್ತದೆ. ಗೋಡೌನ್ ಪುಸ್ತಕದಲ್ಲಿ ಚೀಲದ ಲೆಕ್ಕ, ಕೌಂಟರಿನಲ್ಲಿ ಕೆಜಿ ಲೆಕ್ಕ. ಚೀಲಗಳಲ್ಲೂ 30 ಕೆಜಿಯದು, 50 ಕೆಜಿಯದು ಎಂದು ಎರಡು ಥರ ಬಂದಿರಬಹುದು. ಎಲ್ಲವನ್ನೂ ಕೆಜಿಗೆ ಇಳಿಸಿಕೊಂಡು ಕೂತರೆ ಮುಂದಿನ ಅರ್ಧ ತಲೆನೋವು ತಪ್ಪುತ್ತದೆ.

ಇನ್ನೊಂದು ಮಾತು. ಕಲಬುರಗಿ ಬೇಳೆ ಮತ್ತು ಹೊರದೇಶದ ತೊಗರಿಯ ಬೇಳೆ ಎರಡನ್ನೂ ಇಟ್ಟಿದ್ದರೆ ಅವು ಎರಡು ಬೇರೆ ಐಟಂಗಳು. ಖರೀದಿ ದರವೂ ಬೇರೆ, ಮಾರುವ ದರವೂ ಬೇರೆ. ಎರಡನ್ನೂ ಸೇರಿಸಿ ತೆಗೆದ ಸರಾಸರಿ ಎರಡಕ್ಕೂ ತಪ್ಪು ದರ ಆಗುತ್ತದೆ.

ಅಸಲಿನಲ್ಲಿ ಏನೇನು ಬರಬೇಕು

ಬಹಳ ಅಂಗಡಿಗಳು ಬಿಲ್ ದರವನ್ನೇ ಅಸಲು ಎಂದು ಬರೆದುಬಿಡುತ್ತವೆ. ಆದರೆ ಮಾಲು ನಿಮ್ಮ ಗೋಡೌನಿಗೆ ಬಂದು ಇಳಿಯುವ ತನಕ ಆದ ಖರ್ಚೆಲ್ಲ ಅದರ ಅಸಲೇ. ಲಾರಿ ಬಾಡಿಗೆ, ಇಳಿಸಿದ ಹಮಾಲಿ, ಖರೀದಿಗೆ ಕೊಟ್ಟ ದಲಾಲಿ ಎಲ್ಲ ಸೇರಬೇಕು. ಬಿಲ್ಲಿನಲ್ಲೇ ಕಳೆದ ಟ್ರೇಡ್ ಡಿಸ್ಕೌಂಟ್ ಇದ್ದರೆ ಅದನ್ನು ತೆಗೆಯಬೇಕು. ಒಂದೇ ಲಾರಿಯಲ್ಲಿ ಬೇಳೆ, ಸಕ್ಕರೆ, ರವೆ ಒಟ್ಟಿಗೆ ಬಂದಿದ್ದರೆ ಬಾಡಿಗೆಯನ್ನು ತೂಕದ ಪ್ರಕಾರ ಹಂಚಿ.

ಗಿರಾಕಿಗೆ ಕಳಿಸಲು ಕೊಟ್ಟ ಹಮಾಲಿ, ಗೋಡೌನ್ ಬಾಡಿಗೆ, ಅಂಗಡಿ ಹುಡುಗರ ಸಂಬಳ ಇದರಲ್ಲಿ ಬರಲ್ಲ. ಅವು ಆ ತಿಂಗಳ ಖರ್ಚು. ಜಿಎಸ್‌ಟಿ ಕಟ್ಟಿದ್ದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುವುದಾದರೆ ಅದನ್ನೂ ಈ ಅಸಲಿಗೆ ಸೇರಿಸಬೇಡಿ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಕ್ರೆಡಿಟ್ ಸಿಗಲ್ಲ, ಆಗ ಆ ತೆರಿಗೆಯೂ ಅಸಲಿನ ಭಾಗ.

ನಮ್ಮ ಉದಾಹರಣೆಯಲ್ಲಿ 5ನೇ ತಾರೀಕು ಬಂದ ಸಾವಿರ ಕೆಜಿಯ ಬಿಲ್ ದರ ಕ್ವಿಂಟಲಿಗೆ 11,200 ರೂಪಾಯಿ. ಅಂದರೆ ಕೆಜಿಗೆ 112. ಬಾಡಿಗೆ, ಹಮಾಲಿ ಸೇರಿ 2,000 ರೂಪಾಯಿ ಆಗಿದೆ. ಆದ್ದರಿಂದ ಅಸಲು 1,14,000, ಕೆಜಿಗೆ 114.

ವಾಪಸ್ ಕಳಿಸಿದ ಮಾಲು

19ನೇ ತಾರೀಕಿನ ಲೋಡಿನಲ್ಲಿ ಸ್ವಲ್ಪ ತಕರಾರಿದೆ. 1,600 ಕೆಜಿ ಬಂತು, ದರ 126. ಬಿಲ್ 2,01,600, ಬಾಡಿಗೆ-ಹಮಾಲಿ 3,200. ಇಳಿಸುವಾಗಲೇ ಎರಡು ಚೀಲದಲ್ಲಿ ಹುಳ ಕಂಡಿತು. ಆ 100 ಕೆಜಿಯನ್ನು ಅವತ್ತೇ ವಾಪಸ್ ಕಳಿಸಿದರು. ಮಿಲ್ಲಿನವರು 12,600 ರೂಪಾಯಿಗೆ ಕ್ರೆಡಿಟ್ ನೋಟ್ ಕೊಟ್ಟರು. ಬಾಡಿಗೆ ಮಾತ್ರ ವಾಪಸ್ ಬರಲಿಲ್ಲ.

ಹಾಗಾಗಿ ತೂಕದಲ್ಲಿ 100 ಕೆಜಿ ಕಳೆಯಬೇಕು, ದುಡ್ಡಿನಲ್ಲಿ 12,600 ಮಾತ್ರ ಕಳೆಯಬೇಕು. ಉಳಿದಿದ್ದು 1,500 ಕೆಜಿ, 1,92,200 ರೂಪಾಯಿ. ಕ್ರೆಡಿಟ್ ನೋಟ್ ತಡವಾಗಿ ಬಂದು, ತೂಕ ಕಳೆದು ದುಡ್ಡು ಕಳೆಯುವುದು ಮರೆತರೆ ಸರಾಸರಿ ಸುಮ್ಮನೆ ಮೇಲಕ್ಕೆ ಹೋಗುತ್ತದೆ. ಇದು ತುಂಬಾ ಆಗುವ ತಪ್ಪು.

ಗಿರಾಕಿ ವಾಪಸ್ ತಂದ ಬೇಳೆಯ ದಾರಿಯೇ ಬೇರೆ. ಅದು ಖರೀದಿ ಅಲ್ಲ, ಮಾರಾಟದಲ್ಲಿ ಕಡಿಮೆ ಆಗಬೇಕು. ಅದನ್ನು ಮಾರಿದ ದರದಲ್ಲಿ ಸ್ಟಾಕಿಗೆ ತಗೊಂಡರೆ ನಿಮ್ಮ ಲಾಭವೂ ಅಸಲಿನಲ್ಲಿ ಸೇರಿಹೋಗುತ್ತದೆ.

ಈಗ ಕೂಡಿ, ಭಾಗಿಸಿ

ತಿಂಗಳ ಮೊದಲ ದಿನ ಇದ್ದ ಓಪನಿಂಗ್ ಸ್ಟಾಕ್ ಕೂಡ ಈ ಲೆಕ್ಕದಲ್ಲಿ ಬರಬೇಕು.

| ಯಾವಾಗ | ಕೆಜಿ | ಒಟ್ಟು ಅಸಲು (ರೂ.) |
|---|---|---|
| ಓಪನಿಂಗ್ | 400 | 44,000 |
| 5ನೇ ತಾರೀಕು | 1,000 | 1,14,000 |
| 12ನೇ ತಾರೀಕು | 500 | 61,000 |
| 19ನೇ ತಾರೀಕು, ವಾಪಸ್ ಕಳೆದು | 1,500 | 1,92,200 |
| 26ನೇ ತಾರೀಕು | 600 | 72,000 |
| ಒಟ್ಟು | 4,000 | 4,83,200 |

4,83,200 ರೂಪಾಯಿಯನ್ನು 4,000 ಕೆಜಿಯಿಂದ ಭಾಗಿಸಿದರೆ ಕೆಜಿಗೆ 120.80. ಎಕ್ಸೆಲ್‌ನಲ್ಲಿ ಮಾಡುವವರು ಇದೇ ಟೇಬಲ್ಲನ್ನು ಶೀಟಿನ ಮೊದಲ ಸಾಲಿನಿಂದ ಹಾಕಿಕೊಂಡರೆ ಓಪನಿಂಗ್ 2ನೇ ಸಾಲಿಗೆ, ಕೊನೆಯ ಖರೀದಿ 6ನೇ ಸಾಲಿಗೆ ಬರುತ್ತದೆ. ಸೂತ್ರ ಇಷ್ಟೇ:

```
=SUM(C2:C6)/SUM(B2:B6)
```

ಕೆಜಿ ದರಗಳ ಮೇಲೆ AVERAGE ಒತ್ತಿದರೆ ಕೆಲಸ ಕೆಡುತ್ತದೆ. ಓಪನಿಂಗ್ ದರ ಮತ್ತು ನಾಲ್ಕು ಬಿಲ್ಲಿನ ದರ, ಒಟ್ಟು ಐದನ್ನು (110, 112, 120, 126, 118) ಕೂಡಿ ಐದರಿಂದ ಭಾಗಿಸಿದರೆ 117.20 ಬರುತ್ತದೆ. 126ರಲ್ಲಿ ಎಷ್ಟು ಚೀಲ ತಗೊಂಡಿರಿ ಎಂಬುದು ಆ ಲೆಕ್ಕಕ್ಕೆ ಗೊತ್ತೇ ಇಲ್ಲ. ಬಾಡಿಗೆಯೂ ಬಿಟ್ಟುಹೋಗಿದೆ. 840 ಕೆಜಿಗೆ ವ್ಯತ್ಯಾಸ 3,024 ರೂಪಾಯಿ. ಸ್ಟಾಕ್ ಅಷ್ಟು ಕಡಿಮೆ ತೋರಿಸಿದರೆ ತಿಂಗಳ ಲಾಭವೂ ಅಷ್ಟೇ ಕಡಿಮೆ ಕಾಣುತ್ತದೆ.

ಸರಾಸರಿ ಸರಿಯಾಗಿದೆಯೇ ಎಂದು ಕಣ್ಣಲ್ಲೇ ನೋಡಿ ಹೇಳಬಹುದು. ಅದು ಅತಿ ಕಡಿಮೆ ಅಸಲು 110 ಮತ್ತು ಅತಿ ಜಾಸ್ತಿ ಅಸಲು, ಸುಮಾರು 128, ಇವುಗಳ ಮಧ್ಯೆಯೇ ಇರಬೇಕು. ದೊಡ್ಡ ಲೋಡ್ ಯಾವ ದರದಲ್ಲಿ ಬಂದಿದೆಯೋ ಆ ಕಡೆಗೆ ವಾಲಿರಬೇಕು. ಈ ಎರಡು ದರಗಳಿಂದ ಆಚೆ ಹೋಗಿದ್ದರೆ ಎಲ್ಲೋ ಕ್ವಿಂಟಲ್-ಕೆಜಿ ಗೊಂದಲ ಆಗಿದೆ, ಇಲ್ಲವೇ ವಾಪಸಿನ ಲೆಕ್ಕ ಕೆಟ್ಟಿದೆ.

ಪುಸ್ತಕದ ತೂಕ ಬೇಡ, ಕಾಟಾ ತೂಕ ಬೇಕು

ತಿಂಗಳಲ್ಲಿ ಮಾರಿದ್ದು 3,150 ಕೆಜಿ. ಪುಸ್ತಕದ ಪ್ರಕಾರ 850 ಉಳಿಯಬೇಕು. ತೂಗಿದಾಗ ಸಿಕ್ಕಿದ್ದು 840. ಚೆಲ್ಲಿದ್ದು, ಒಣಗಿದ್ದು, ಕೌಂಟರಿನಲ್ಲಿ ಸ್ವಲ್ಪ ಜಾಸ್ತಿ ತೂಗಿ ಕೊಟ್ಟಿದ್ದು ಸೇರಿ 10 ಕೆಜಿ ಕಮ್ಮಿ. ಬೇಳೆ ವ್ಯಾಪಾರದಲ್ಲಿ ಇದು ಮಾಮೂಲು.

ಬೆಲೆ ಕಟ್ಟಬೇಕಾದ್ದು 840ಕ್ಕೆ. 840 × 120.80 = 1,01,472 ರೂಪಾಯಿ. ಕ್ಲೋಸಿಂಗ್ ಸ್ಟಾಕ್ ಇಷ್ಟು. ಒಟ್ಟು ಅಸಲಿನಿಂದ ಇದನ್ನು ಕಳೆದರೆ 3,81,728. ಅದು ಮಾರಿದ ಮಾಲಿನ ಅಸಲು, ಕಮ್ಮಿಯಾದ 10 ಕೆಜಿಯ 1,208 ರೂಪಾಯಿಯೂ ಅದರೊಳಗೇ ಬಂತು. ಮಳೆಗೆ ನೆನೆದು ಹತ್ತು ಚೀಲ ಹಾಳಾಯಿತು ಎಂಥದ್ದು ಮಾಮೂಲು ಅಲ್ಲ, ಅದನ್ನು ನಷ್ಟ ಎಂದೇ ಬೇರೆ ಬರೆಯಬೇಕು.

ಪ್ರತಿ ಖರೀದಿಗೂ ಸರಾಸರಿ ತೆಗೆದರೆ?

ಮೇಲಿನದು ತಿಂಗಳಿಗೆ ಒಂದೇ ಸಲ ತೆಗೆದ ಸರಾಸರಿ. ಇನ್ನೊಂದು ರೀತಿ ಇದೆ: ಹೊಸ ಲೋಡ್ ಬಂದಾಗಲೆಲ್ಲ, ಆ ಕ್ಷಣಕ್ಕೆ ಉಳಿದಿದ್ದನ್ನೂ ಬಂದಿದ್ದನ್ನೂ ಸೇರಿಸಿ ಹೊಸ ಸರಾಸರಿ ತೆಗೆಯುವುದು. ಐಸಿಎಐನ ಲೆಕ್ಕಪತ್ರ ಮಾನದಂಡ ಎಎಸ್-2 ಎರಡನ್ನೂ ಒಪ್ಪುತ್ತದೆ. ಆದರೆ ಉತ್ತರ ಒಂದೇ ಬರುವುದಿಲ್ಲ.

ನೋಡಿ. ಓಪನಿಂಗ್ 400 ಕೆಜಿಯಲ್ಲಿ 5ನೇ ತಾರೀಕಿನ ಹೊತ್ತಿಗೆ 150 ಮಾರಿಹೋಗಿದೆ. ಉಳಿದ 250 ಕೆಜಿಗೆ 27,500. ಅದಕ್ಕೆ ಹೊಸ 1,14,000 ಸೇರಿಸಿ 1,250ರಿಂದ ಭಾಗಿಸಿದರೆ 113.20. ಮುಂದಿನ ಲೋಡ್ ಬರುವ ತನಕ ಮಾರಿದ 750 ಕೆಜಿಯ ಅಸಲು ಇದೇ ದರದಲ್ಲಿ. 12ರಂದು ಉಳಿದ 500 ಕೆಜಿಗೆ ಹೊಸ 500 ಸೇರಿ ದರ 117.60 ಆಗುತ್ತದೆ. ಆಮೇಲೆ 500 ಕೆಜಿ ಮಾರಿ, 19ರ ದುಬಾರಿ ಲೋಡ್ ಬಂದ ಮೇಲೆ 125.50. ಮತ್ತೆ 1,400 ಮಾರಿ, 26ರ ಅಗ್ಗದ ಲೋಡ್ ಸೇರಿದಾಗ 122.75. ಕೊನೆಗೆ 840 ಕೆಜಿಗೆ 1,03,110 ರೂಪಾಯಿ.

ಮೊದಲಿನ ಲೆಕ್ಕಕ್ಕಿಂತ 1,638 ರೂಪಾಯಿ ಜಾಸ್ತಿ ಬಂತು, ಅಲ್ವಾ? ತಿಂಗಳ ಶುರುವಿನ ಅಗ್ಗದ ಬೇಳೆ ಆಗಲೇ ಮಾರಿಹೋಗಿದೆ, ಅದರ ಪಾಲು ಈ ರೀತಿಯಲ್ಲಿ ಹೆಚ್ಚು ಉಳಿಯುವುದಿಲ್ಲ. ದರ ಏರುವಾಗ ಹೀಗೆ ಸ್ಟಾಕ್ ದುಬಾರಿ ಕಾಣುತ್ತದೆ, ಇಳಿಯುವಾಗ ಉಲ್ಟಾ. ಕೈಬರಹದ ಪುಸ್ತಕ ಇಟ್ಟವರಿಗೆ ತಿಂಗಳ ಸರಾಸರಿಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಪ್ರತಿ ಬಿಲ್ಲನ್ನೂ ಅವತ್ತೇ ಕಂಪ್ಯೂಟರಿಗೆ ಏರಿಸುವವರು ಎರಡನೆಯದನ್ನು ಇಟ್ಟುಕೊಳ್ಳಬಹುದು. ಆದರೆ ಅದಕ್ಕೆ ತಾರೀಕಿನ ಶಿಸ್ತು ಬೇಕು. ಖರೀದಿ ಬಿಲ್ ಏರಿಸುವ ಮೊದಲೇ ಮಾರಾಟ ಏರಿಸಿದರೆ ಸ್ಟಾಕ್ ಮೈನಸ್‌ಗೆ ಹೋಗಿ, ಸರಾಸರಿ ತಲೆಬುಡವಿಲ್ಲದ ಅಂಕಿ ಆಗುತ್ತದೆ. ಯಾವುದನ್ನು ಹಿಡಿದರೂ ವರ್ಷ ವರ್ಷ ಅದನ್ನೇ ಹಿಡಿಯಿರಿ. ಲಾಭ ಚೆನ್ನಾಗಿ ಕಾಣುತ್ತದೆ ಎಂದು ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಮಾಡುವಂತಿಲ್ಲ.

ಮಾರುಕಟ್ಟೆ ಬಿದ್ದಿದ್ದರೆ

ಇಷ್ಟೆಲ್ಲ ಮಾಡಿ ಬಂದ 120.80 ಕೊನೆಯ ಮಾತಲ್ಲ. ಸ್ಟಾಕಿಗೆ ಅಸಲು ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಾಕಬೇಕು. ತಿಂಗಳ ಕೊನೆಗೆ ದರ ಕುಸಿದು, ನೀವು ಮಾರಬಹುದಾದ್ದು 119ಕ್ಕೆ ಎಂದುಕೊಳ್ಳಿ. ಮಾರಾಟದ ದಲಾಲಿ, ಸಾಗಣೆ ಎಂದು ಕೆಜಿಗೆ 2 ರೂಪಾಯಿ ಹೋಗುತ್ತದೆ. ಕೈಗೆ ಬರುವುದು 117. ಆಗ ಸ್ಟಾಕ್ 98,280 ಎಂದು ಬರೆಯಬೇಕು, 3,192 ರೂಪಾಯಿ ನಷ್ಟವನ್ನು ಈ ತಿಂಗಳೇ ಒಪ್ಪಿಕೊಳ್ಳಬೇಕು. ದರ 130ಕ್ಕೆ ಏರಿದ್ದರೆ ಮಾತ್ರ ಏನೂ ಮಾಡಬೇಕಿಲ್ಲ. 120.80ರಲ್ಲೇ ಇರಲಿ, ಮಾರಿದ ದಿನ ಲಾಭ ತಾನೇ ಬರುತ್ತದೆ.

ಮಾರುಕಟ್ಟೆ ಬೀಳದಿದ್ದರೆ, ಮುಂದಿನ ತಿಂಗಳ ಒಂದನೇ ತಾರೀಕಿನ ಓಪನಿಂಗ್ ಸ್ಟಾಕ್ 840 ಕೆಜಿ, 1,01,472 ರೂಪಾಯಿ. ಕೊನೆಯ ಲೋಡಿನ ದರ ಹಾಕಿ ಹೊಸದಾಗಿ ಶುರುಮಾಡಬೇಡಿ. ಹಾಗೆ ಮಾಡಿದರೆ ಕಳೆದ ತಿಂಗಳ ಕ್ಲೋಸಿಂಗಿಗೂ ಈ ತಿಂಗಳ ಓಪನಿಂಗಿಗೂ ತಾಳೆ ಆಗುವುದಿಲ್ಲ, ಮಾರ್ಚ್ ಕೊನೆಗೆ ಆಡಿಟರ್ ಮೊದಲು ಕೇಳುವುದೇ ಆ ವ್ಯತ್ಯಾಸವನ್ನು.